ಹಿಂದಿನ ಬೆಂಚಿನಿಂದ ತನ್ನನ್ನೇ ನೋಡಿಕೊಳ್ಳುವ ಕಣ್ಣು

ಪ್ರಶ್ನೆ: ಮೇಡಂ, ಮಗಳು ಮನೆಯಿಂದ ಹೊರಡೋ ಮುಂಚೆ ಹತ್ತು ಸಲ ಕನ್ನಡಿ ನೋಡ್ಕೊತಾಳೆ. ಬೈದ್ರೂ ಕೇಳಲ್ಲ. ಇದು ಜಂಬಾನಾ? — ಒಬ್ಬ ತಾಯಿ, ಮಾಲೂರು

ಜಂಬವಲ್ಲ. ಬೈಯುವುದನ್ನು ಇವತ್ತೇ ನಿಲ್ಲಿಸಿ, ಕೆಳಗಿನ ಉತ್ತರ ಓದಿ.

ಪ್ರಶ್ನೆ: ಬಿಎಸ್ಸಿ ಎರಡನೇ ವರ್ಷದಲ್ಲಿದೀನಿ. ಹಾಸ್ಟೆಲ್‌ನಲ್ಲಿ ಕೂತು ಮಾಡಿದ್ರೆ ಲೆಕ್ಕ ಸರಿಯಾಗಿ ಬರುತ್ತೆ. ಬೋರ್ಡ್ ಹತ್ರ ಕರೆದ್ರೆ ಹಿಂದಿನಿಂದ ಹೇಗೆ ಕಾಣ್ತಿದೀನೋ, ಟಾಪ್ ಮೇಲೆ ಹೋಗಿದ್ಯೋ ಅನ್ನೋದೇ ತಲೆಯಲ್ಲಿ. ಸುಲಭದ್ದೂ ಮರ್ತೋಗುತ್ತೆ. ಆಮೇಲೆ ಇಡೀ ದಿನ ಬೇಜಾರು. ನೆನಪಿನ ಶಕ್ತಿಗೆ ಏನಾದ್ರೂ ತಗೋಬೇಕಾ? — ವಿದ್ಯಾರ್ಥಿನಿ, ತುಮಕೂರು

ಏನನ್ನೂ ತಗೋಬೇಡಿ. ಹಾಸ್ಟೆಲ್‌ನಲ್ಲಿ ಬರುವ ಲೆಕ್ಕ ಬೋರ್ಡಿನ ಮುಂದೆ ಬರುವುದಿಲ್ಲ ಅಂದರೆ ನಿಮ್ಮ ನೆನಪಿಗೆ ಏನೂ ಆಗಿಲ್ಲ. ಮೆದುಳಿಗೆ ಟಾನಿಕ್ ಅಂತ ಮಾರುವವರು, ಎರಡು ದಿನದ ಶಿಬಿರದಲ್ಲಿ ಏಕಾಗ್ರತೆ ತಂದುಕೊಡುತ್ತೇವೆ ಅನ್ನುವವರು ನಿಮ್ಮಂಥವರ ದುಡ್ಡಿನಲ್ಲೇ ಬದುಕುತ್ತಿದ್ದಾರೆ.

ಬೋರ್ಡಿನ ಮುಂದೆ ಆಗುವುದೇನು ನೋಡಿ. x² − 7x + 12 = 0 ಅನ್ನುವ, ಹೈಸ್ಕೂಲಿನಿಂದ ಗೊತ್ತಿರುವ ಲೆಕ್ಕವನ್ನೇ ತೆಗೆದುಕೊಳ್ಳಿ. ಗುಣಿಸಿದರೆ 12, ಕೂಡಿದರೆ 7 ಬರುವ ಎರಡು ಸಂಖ್ಯೆ ಬೇಕು. 2 ಮತ್ತು 6 ಹಿಡಿದು ನೋಡಬೇಕು, 8 ಬಂತು ಅಂತ ಬಿಡಬೇಕು, 3 ಮತ್ತು 4ಕ್ಕೆ ಹೋಗಬೇಕು. ಅಷ್ಟು ಹೊತ್ತೂ 12 ಮತ್ತು 7 ಮನಸ್ಸಿನಲ್ಲಿ ನಿಂತಿರಬೇಕು. ಹಾಗೆ ನಿಲ್ಲಿಸಿಕೊಳ್ಳುವ ಜಾಗ ಎಲ್ಲರಲ್ಲೂ ಚಿಕ್ಕದು. ಅದೇ ಜಾಗದಲ್ಲಿ ನೀವು ಇನ್ನೊಂದು ಚಿತ್ರ ಹಿಡಿದಿದ್ದೀರಿ: ಹಿಂದಿನ ಬೆಂಚಿನಲ್ಲಿ ಕೂತವರಿಗೆ ನಿಮ್ಮ ಬೆನ್ನು, ಟಾಪು, ಜಡೆ ಹೇಗೆ ಕಾಣುತ್ತಿದೆ ಅನ್ನುವ ಚಿತ್ರ. ಕೈ ಟಾಪು ಎಳೆಯಲು ಹೋದ ಕ್ಷಣಕ್ಕೇ 7 ಜಾರಿಹೋಗಿರುತ್ತದೆ. ನಿಮಗೆ ಅದು ಮರೆವು ಅನ್ನಿಸುತ್ತದೆ.

ಹೀಗೆ ತನ್ನನ್ನು ತಾನೇ ಹೊರಗಿನಿಂದ, ನೋಡುವ ವಸ್ತುವಿನಂತೆ ಕಾಣುವುದನ್ನು ಸೆಲ್ಫ್ ಆಬ್ಜೆಕ್ಟಿಫಿಕೇಶನ್ ಅನ್ನುತ್ತೇವೆ. ಅಮೆರಿಕದ ಮನೋವಿಜ್ಞಾನಿಗಳಾದ ಬಾರ್ಬರಾ ಫ್ರೆಡ್ರಿಕ್ಸನ್ ಮತ್ತು ಟೋಮಿ-ಆನ್ ರಾಬರ್ಟ್ಸ್ 1997ರಲ್ಲಿ ಇದನ್ನು ಸಿದ್ಧಾಂತವಾಗಿ ಬರೆದರು. ಚಿಕ್ಕಂದಿನಿಂದ "ಕಪ್ಪಾಗಿದೀಯ", "ದಪ್ಪ ಆದ್ಯಲ್ಲ" ಅನ್ನಿಸಿಕೊಂಡು ಬೆಳೆದ ಹುಡುಗಿ ಒಂದು ದಿನ ಆ ನೋಡುವವರ ಜಾಗದಲ್ಲಿ ತಾನೇ ಹೋಗಿ ನಿಲ್ಲುತ್ತಾಳೆ. ಆಮೇಲೆ ಯಾರೂ ನೋಡಬೇಕಾಗಿಯೇ ಇಲ್ಲ. ಫ್ರೆಡ್ರಿಕ್ಸನ್ ಅವರ ತಂಡ 1998ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ತೋರಿಸಿತು. ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಈಜುಡುಗೆ, ಉಳಿದವರಿಗೆ ಸ್ವೆಟರ್ ಕೊಟ್ಟು, ನಿಲುವುಗನ್ನಡಿ ಇರುವ ಕೋಣೆಯಲ್ಲಿ ಒಬ್ಬೊಬ್ಬರನ್ನೇ ಬಿಟ್ಟು, ಗಣಿತ ಮಾಡಲು ಹೇಳಿದರು. ಈಜುಡುಗೆ ತೊಟ್ಟ ಹುಡುಗಿಯರು ಸ್ವೆಟರ್ ತೊಟ್ಟ ಹುಡುಗಿಯರಿಗಿಂತ ಕಡಿಮೆ ಅಂಕ ಪಡೆದರು. ಹುಡುಗರಲ್ಲಿ ಹಾಗಾಗಲಿಲ್ಲ. ಕೋಣೆಯಲ್ಲಿ ನೋಡಲು ಬೇರೆ ಯಾರೂ ಇರಲಿಲ್ಲ ಅನ್ನುವುದನ್ನು ಗಮನಿಸಿ. 2006ರ ಇನ್ನೊಂದು ಪ್ರಯೋಗದಲ್ಲಿ ಗಣಿತದ ಬದಲು, ಅಕ್ಷರಗಳು ಯಾವ ಬಣ್ಣದಲ್ಲಿ ಅಚ್ಚಾಗಿವೆ ಅಂತ ಬೇಗಬೇಗ ಹೇಳಬೇಕಿತ್ತು. ಅಲ್ಲೂ ಈಜುಡುಗೆಯವರು ನಿಧಾನವಾದರು. ಹಾಗಾಗಿ "ಹುಡುಗಿಯರಿಗೆ ಗಣಿತ ಬರಲ್ಲ" ಅನ್ನುವವರು ದಯವಿಟ್ಟು ಸುಮ್ಮನಿರಬೇಕು.

ದಿನವಿಡೀ ಉಳಿಯುವ ಬೇಜಾರೂ ಇಲ್ಲಿಂದಲೇ ಬರುತ್ತದೆ. ಹೊರಗಿನಿಂದ ನೋಡಿಕೊಳ್ಳುವಾಗ ಯಾವುದೋ ಒಂದು ಅಳತೆಗೆ ಹೋಲಿಸಿಯೇ ನೋಡುತ್ತೇವೆ, ಆ ಅಳತೆಗೆ ಯಾರೂ ಸರಿಹೊಂದುವುದಿಲ್ಲ. ಅದು ನಾಚಿಕೆಯಾಗಿ ಉಳಿಯುತ್ತದೆ. ಕೆಲಸದಲ್ಲಿ ಮುಳುಗಿ ಹೊತ್ತು ಹೋದದ್ದೇ ತಿಳಿಯದ ಸುಖ ಇರುತ್ತದಲ್ಲ, ಅದೂ ನಡುನಡುವೆ ತುಂಡಾಗುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಖಿನ್ನತೆಗೆ, ಊಟ ಬಿಡುವ ಕಾಯಿಲೆಗೆ ದಾರಿಯಾಗಬಹುದು.

ನಿಮ್ಮದು ಇದೇ ಹೌದೋ ಅಂತ ಮೊದಲು ಖಚಿತ ಮಾಡಿಕೊಳ್ಳಿ. ಬೋರ್ಡಿನಿಂದ ಬಂದು ಕೂತ ತಕ್ಷಣ, ಆಗ ತಲೆಯಲ್ಲಿ ಓಡುತ್ತಿದ್ದ ಮಾತನ್ನು ಇದ್ದಹಾಗೇ ಬರೆದಿಡಿ. "ತಪ್ಪಾದರೆ ಮೇಷ್ಟ್ರು ಏನಂತಾರೋ" ಅಂತಿದ್ದರೆ ಅದು ಬೇರೆ ಭಯ. "ಹೇಗೆ ಕಾಣ್ತಿದೀನೋ" ಅಂತಿದ್ದರೆ, ಅದರಲ್ಲೂ ಸಡಿಲ ಬಟ್ಟೆ ಹಾಕಿದ ದಿನ ಅಥವಾ ಹುಡುಗಿಯರಷ್ಟೇ ಇರುವ ಲ್ಯಾಬಿನಲ್ಲಿ ಕಡಿಮೆಯಾಗುತ್ತಿದ್ದರೆ, ಅದು ಇದೇ. ಒಬ್ಬರೇ ಕೂತಾಗಲೂ ಲೆಕ್ಕ ಬರದಿದ್ದರೆ ಮಾತ್ರ ಓದಿನ ಕಡೆ ನೋಡಿ.

ಈಗ ಅಭ್ಯಾಸ. "ಅದನ್ನೆಲ್ಲ ಯೋಚನೆ ಮಾಡಬೇಡ" ಅನ್ನುವ ಸಲಹೆ ಕೆಲಸಕ್ಕೆ ಬಾರದು, ಬೇಡ ಅಂದಷ್ಟೂ ಆ ಯೋಚನೆಯನ್ನೇ ಕಾಯುತ್ತೀರಿ. ಗಮನಕ್ಕೆ ಹೋಗಲು ಬೇರೆ ಜಾಗ ಕೊಡಬೇಕು. ರೂಮ್‌ಮೇಟ್ ಜೊತೆ ಬೆನ್ನಿಗೆ ಬೆನ್ನು ಕೊಟ್ಟು ಕೂರಿ. ಅವಳು ಎರಡು ನಿಮಿಷ ಏನಾದರೂ ಹೇಳಲಿ, ಊರಿನ ಜಾತ್ರೆ ಆದರೂ ಸರಿ. ಮುಗಿದ ಮೇಲೆ ಕೇಳಿದ್ದನ್ನೆಲ್ಲ ವಾಪಸ್ ಹೇಳಿ. ಆಮೇಲೆ ನೂರರಲ್ಲಿ ಎಷ್ಟು ಗಮನ ಮಾತಿನ ಮೇಲಿತ್ತು, ಎಷ್ಟು ನಿಮ್ಮ ಮೇಲಿತ್ತು, ಎಷ್ಟು ಸುತ್ತಮುತ್ತ ಹೋಯಿತು ಅಂತ ಅಂದಾಜು ಬರೆಯಿರಿ. ಮಾತಿನ ಮೇಲಿನ ಪಾಲು ಅರ್ಧ ದಾಟಿದ ಮೇಲೆ ಎದುರುಬದುರು ಕೂರಿ. ಮುಖ ಕಾಣುತ್ತಿದ್ದಂತೆ ನಿಮ್ಮ ಮೇಲಿನ ಪಾಲು ಮತ್ತೆ ಏರುತ್ತದೆ, ಗಾಬರಿ ಬೇಡ. ಆಮೇಲೆ ನಿಂತುಕೊಂಡು, ಕೊನೆಗೆ ಖಾಲಿ ಕ್ಲಾಸಿನಲ್ಲಿ ಅವಳನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿ ಬೋರ್ಡಿನಲ್ಲಿ ಲೆಕ್ಕ ಮಾಡಿ. ಪ್ರತಿ ಹೆಜ್ಜೆಯನ್ನೂ ಬಾಯಲ್ಲಿ ಹೇಳುತ್ತಾ ಬರೆಯಬೇಕು, ಹಾಗಾದಾಗ ಚಿತ್ರಕ್ಕೆ ಜಾಗ ಸಿಗುವುದಿಲ್ಲ. ದಿನಕ್ಕೆ ಹತ್ತು ನಿಮಿಷ ಸಾಕು, ವಾರಗಟ್ಟಲೆ ಬೇಕು.

ಹೆಚ್ಚಿನವರು ಕೆಡಿಸಿಕೊಳ್ಳುವುದು ಒಂದೇ ಕಡೆ. ಗಮನ ಜಾರಿದಾಗ ಬೈದುಕೊಳ್ಳುತ್ತಾರೆ. ಬೈದುಕೊಂಡರೆ ಮತ್ತೆ ನಿಮ್ಮನ್ನೇ ನೋಡಿಕೊಂಡಂತಾಯಿತು. ಜಾರಿತು ಅಂತ ಗೊತ್ತಾದರೆ ಸಾಕು, ಮುಂದಿನ ಅಂಕೆಗೆ ಹೋಗಿ. ಬೋರ್ಡಿಗೆ ಕರೆಯುವ ದಿನ, ಕೈ ಎತ್ತಿದರೂ ಎಳೆದುಕೊಳ್ಳಬೇಕಾಗದ ಬಟ್ಟೆ ಹಾಕಿ. ಅದು ಸೋಲಲ್ಲ, ಅಭ್ಯಾಸ ಕೂರುವವರೆಗೆ ಆಸರೆ.

ಒಂದು ಎಚ್ಚರಿಕೆ. ಹಿಂದಿನ ಬೆಂಚಿನವರು ನಿಜವಾಗಿಯೂ ಮಾತಾಡುತ್ತಿದ್ದರೆ, ಫೋಟೋ ತೆಗೆಯುತ್ತಿದ್ದರೆ, ಈ ಅಭ್ಯಾಸ ಅದಕ್ಕೆ ಮದ್ದಲ್ಲ. ಕಾಲೇಜಿನ ಆಂತರಿಕ ದೂರು ಸಮಿತಿಗೆ ಬರೆದು ಕೊಡಿ. ಊಟ ಬಿಡುತ್ತಿದ್ದರೆ, ಮುಟ್ಟು ನಿಂತಿದ್ದರೆ, ಬೇಜಾರು ಎರಡು ವಾರ ದಾಟಿದ್ದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಸಾಯುವ ಯೋಚನೆ ಬಂದರೆ ಒಂದು ದಿನವೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ದುಡ್ಡಿಲ್ಲ.

ಪ್ರಶ್ನೆ: "ನಾನು ಸುಂದರಿ" ಅಂತ ಕನ್ನಡಿ ಮುಂದೆ ದಿನಾ ನೂರು ಸಲ ಹೇಳ್ಕೊಂಡ್ರೆ ಆತ್ಮವಿಶ್ವಾಸ ಬರುತ್ತಾ? — ಚಿಂತಾಮಣಿ

ಬೇಡ. ಯಾವ ಕಣ್ಣನ್ನು ಮುಚ್ಚಿಸಬೇಕೋ ಅದಕ್ಕೇ ದಿನಾ ಕೆಲಸ ಕೊಟ್ಟಂತಾಗುತ್ತದೆ. ಬೇರೆಯವರ ಹೊಗಳಿಕೆಯೂ ಅಷ್ಟೇ. 2008ರಲ್ಲಿ ಆಸ್ಟ್ರೇಲಿಯಾದಲ್ಲಿ ಪರೀಕ್ಷಿಸಿದಾಗ, ರೂಪ ಹೊಗಳಿದರೆ ವಿದ್ಯಾರ್ಥಿನಿಯರ ಮನಸ್ಸು ಹಗುರಾಯಿತು, ಆದರೆ ಸದಾ ತಮ್ಮನ್ನು ಗಮನಿಸಿಕೊಳ್ಳುವವರಿಗೆ ದೇಹದ ಬಗ್ಗೆ ನಾಚಿಕೆ ಇನ್ನೂ ಹೆಚ್ಚಾಯಿತು. ಮಾಲೂರಿನ ತಾಯಿಗೂ ಇದು ಅನ್ವಯಿಸುತ್ತದೆ: "ಚೆನ್ನಾಗಿ ಕಾಣ್ತೀಯ" ಬಿಡಿ, ಇವತ್ತು ಏನು ಮಾಡಿದೆ ಅಂತ ಕೇಳಿ.

ಪ್ರಶ್ನೆ: ಗಂಡು ಹುಡುಗರಿಗೆ ಇದೆಲ್ಲ ಆಗಲ್ಲ ಅಲ್ವಾ? — ಗೌರಿಬಿದನೂರು

ಆಗುತ್ತದೆ. 2004ರಲ್ಲಿ ಗಂಡಸರಿಗೆ ಮೈಗಂಟುವ ಚಿಕ್ಕ ಈಜುಚಡ್ಡಿ ಕೊಟ್ಟು ನೋಡಿದಾಗ ಅವರ ಗಣಿತವೂ ಕುಸಿಯಿತು. ಹುಡುಗಿಯರಿಗೆ ಈ ಸನ್ನಿವೇಶ ದಿನವೂ ಎದುರಾಗುತ್ತದೆ, ಹುಡುಗರಿಗೆ ಅಪರೂಪ. ಈಗ ಜಿಮ್ ಕನ್ನಡಿ, ರೀಲ್ಸ್ ಮುಂದೆ ಗಂಟೆಗಟ್ಟಲೆ ನಿಲ್ಲುವ ಹುಡುಗರಿಗೆ ಅದೂ ಅಪರೂಪವಾಗಿ ಉಳಿದಿಲ್ಲ.