ಹತ್ತು ಮಿಲಿಮೀಟರ್ ಕೆಳಗೆ 37 ಡಿಗ್ರಿ ಹಿಡಿಯಬೇಡಿ

ಪ್ರಶ್ನೆ: ರಕ್ತದ ಹರಿವು ಅಂಗಾಂಶಕ್ಕೆ ತರುವ ಶಾಖವನ್ನೂ ಲೆಕ್ಕಕ್ಕೆ ಹಿಡಿಯುವ ಪೆನ್ನೆಸ್ ಸಮೀಕರಣದಿಂದ ಮುಂಗೈ ಚರ್ಮದ ಕೆಳಗಿನ ತಾಪಮಾನ ತೆಗೆಯುತ್ತಿದ್ದೇನೆ. 10 ಮಿ.ಮೀ. ಆಳದಲ್ಲಿ 37 ಡಿಗ್ರಿ ಕೊಟ್ಟಿದ್ದೇನೆ. ರಕ್ತದ ಹರಿವು ಬದಲಿಸಿದರೂ ಚರ್ಮದ ತಾಪಮಾನ ಅಷ್ಟಾಗಿ ಅಲುಗಾಡುತ್ತಿಲ್ಲ. ಆ ಭಾಗವನ್ನೇ ಕೈಬಿಡಲಾ, 3ಡಿ ಮಾಡೆಲ್‌ಗೆ ಹೋಗಲಾ?

ಎರಡೂ ಬೇಡ. ಪುಣೆಯಲ್ಲಿ ಎಂ.ಟೆಕ್ ಮಾಡುವಾಗ ನಾನೂ ಇದೇ 10 ಮಿ.ಮೀ. ಹಿಡಿದಿದ್ದೆ. ಹಿಂದಿನ ಬ್ಯಾಚಿನವರ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಹಾಗಿತ್ತು, ಹಾಗೇ ಎತ್ತಿಕೊಂಡೆ. ಕೋಥ್ರೂಡಿನ ರೂಮಿನಲ್ಲಿ ವಿಜಾಪುರದ ಗೆಳೆಯನ ಮುಂಗೈ ಅಳೆದರೆ 34 ಡಿಗ್ರಿ ಚಿಲ್ಲರೆ ಬರುತ್ತಿತ್ತು. ಮಾಡೆಲ್ 35.2 ಹೇಳುತ್ತಿತ್ತು. ನಾನೇನು ಮಾಡಿದೆ ಗೊತ್ತಾ? ಗಾಳಿಗೆ ಶಾಖ ಹೋಗುವ ಗುಣಾಂಕವನ್ನು 10ರಿಂದ 17ಕ್ಕೆ ಏರಿಸಿದೆ. ಉತ್ತರ ಸರಿಹೋಯಿತು. ರಿಪೋರ್ಟ್ ಬೈಂಡ್ ಮಾಡಿಸಿ ಕೊಟ್ಟುಬಿಟ್ಟೆ.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಒಂದೇ ಮಾತು ಕೇಳಿದರು. "ರಕ್ತದ ಹರಿವು ಸೊನ್ನೆ ಮಾಡಿ ನೋಡಿ. ಚರ್ಮ ಎಷ್ಟು ತಣ್ಣಗಾಗುತ್ತೆ?" ಲ್ಯಾಪ್‌ಟಾಪಿನಲ್ಲಿ ಮಾಡಿ ತೋರಿಸಿದೆ. ಬರೀ 0.3 ಡಿಗ್ರಿ ಇಳಿಯಿತು. "ರಕ್ತ ನಿಂತರೂ ಕೈ ಬೆಚ್ಚಗೇ ಇದೆಯಲ್ಲ, ಶಾಖ ಎಲ್ಲಿಂದ ಬರ್ತಿದೆ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಪ್ರಾಜೆಕ್ಟ್ ಇನ್ನೊಂದು ಸೆಮಿಸ್ಟರ್‌ಗೆ ಹೋಯಿತು.

ಶಾಖ ಬರುತ್ತಿದ್ದದ್ದು 10 ಮಿ.ಮೀ. ಆಳದಲ್ಲಿ ಕೊಟ್ಟಿದ್ದ ಆ 37ರ ಗೋಡೆಯಿಂದ. ಲೆಕ್ಕ ಹಾಕಿ ತೋರಿಸುತ್ತೇನೆ. ಸ್ಥಿರ ಸ್ಥಿತಿಯಲ್ಲಿ, ಚಯಾಪಚಯದ ಶಾಖ ಬಿಟ್ಟರೆ, ಸಮೀಕರಣ ಇಷ್ಟೇ:

k·T″ + w·c·(37 − T) = 0

T ಅಂದರೆ x ಆಳದಲ್ಲಿನ ತಾಪಮಾನ. ಅಂಗಾಂಶದ ವಾಹಕತೆ k = 0.5 W/m·K, ಹರಿವು w = 0.5 kg/m³·s, ರಕ್ತದ ಉಷ್ಣಸಾಮರ್ಥ್ಯ c = 3800 J/kg·K ಅಂತಿಟ್ಟುಕೊಳ್ಳಿ. ಆಗ √(k/(w·c)) ಸುಮಾರು 16 ಮಿ.ಮೀ. ಚರ್ಮದ ತಂಪು ಇಷ್ಟು ಆಳ ಇಳಿಯುವ ಹೊತ್ತಿಗೆ ಮೂರನೇ ಒಂದು ಭಾಗದಷ್ಟು ಉಳಿದಿರುತ್ತದೆ. ಬಹುತೇಕ ಮಾಯವಾಗಲು ಇದರ ಮೂರು ಪಟ್ಟು, ಅಂದರೆ 50 ಮಿ.ಮೀ. ಹತ್ತಿರ ಬೇಕು. ನೀವು 10ರಲ್ಲೇ ಕತ್ತರಿಸಿ, ಅಲ್ಲಿ 37 ಅಂತ ಹಟ ಹಿಡಿದಿದ್ದೀರಿ.

ಕೋಣೆ 25 ಡಿಗ್ರಿ, ಗುಣಾಂಕ 10 ಆದರೆ ನಿಮ್ಮ ಮಾಡೆಲಿನಲ್ಲಿ ಚರ್ಮ 35.2 ಬರುತ್ತದೆ. ಅಲ್ಲಿಂದ ಗಾಳಿಗೆ ಹೋಗುವುದು ಚದರ ಮೀಟರಿಗೆ 102 ವಾಟ್. ಅದರಲ್ಲಿ ಸುಮಾರು 85 ವಾಟ್ ಒಳಬರುವುದು ತಳದಿಂದ. ರಕ್ತ ಕೊಡುವುದು 17 ಮಾತ್ರ! ಹರಿವು ಬದಲಿಸಿದರೆ ಏನು ಕಾಣಬೇಕು ಹೇಳಿ? ಹರಿವನ್ನು ನಾಲ್ಕು ಪಟ್ಟು ಮಾಡಿದರೂ ಚರ್ಮ 0.4 ಡಿಗ್ರಿ ಏರೀತು ಅಷ್ಟೇ.

ಈಗ ತಳವನ್ನು 50 ಮಿ.ಮೀ.ಗೆ ಇಳಿಸಿ, 37 ಕೊಡುವ ಬದಲು ಅಲ್ಲಿ dT/dx = 0 ಹಾಕಿ, ಅಂದರೆ ತಳದಿಂದ ಶಾಖ ಬಾರದ ಹಾಗೆ ಮಾಡಿ. ಚರ್ಮ 34.1 ಬರುತ್ತದೆ, ಗುಣಾಂಕ ಮುಟ್ಟದೆಯೇ. ನಾಲ್ಕು ಪಟ್ಟು ಹರಿವಿಗೆ 1.3 ಡಿಗ್ರಿ ಏರುತ್ತದೆ. ಹರಿವು ಸೊನ್ನೆ ಆದರೆ ಕೊನೆಗೆ ಕೋಣೆಯ ತಾಪಮಾನದ ಹತ್ತಿರ ಹೋಗುತ್ತದೆ, ಹೋಗಲೇಬೇಕು. ಚಯಾಪಚಯದ 400 W/m³ ಸೇರಿಸಿದರೆ ಒಳಗೆ 400/1900, ಅಂದರೆ 0.2 ಡಿಗ್ರಿ ಹೆಚ್ಚಾಗುತ್ತದೆ. ಅದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ನನ್ನನ್ನು ಕೇಳಿದರೆ, ಅಳತೆಗೆ ಹೊಂದಿಸಲು ಗುಣಾಂಕ ತಿರುಚುವ ಮೊದಲು ಶಾಖದ ಜಮಾ ಖರ್ಚು ಪ್ರಿಂಟ್ ಮಾಡಿಸಲೇಬೇಕು. ಚರ್ಮದಿಂದ ಹೋದದ್ದು ಎಷ್ಟು, ರಕ್ತದಿಂದ ಬಂದದ್ದು ಎಷ್ಟು, ತಳದಿಂದ ಬಂದದ್ದು ಎಷ್ಟು. ತಳದ ಪಾಲು ದೊಡ್ಡದಿದ್ದರೆ ನಿಮ್ಮದು ಬಯೋಹೀಟ್ ಮಾಡೆಲ್ ಅಲ್ಲ, ಸುಮ್ನೆ ಒಂದು ಗೋಡೆಯ ಲೆಕ್ಕ. ತಳವನ್ನು 10, 30, 50 ಅಂತ ಸರಿಸಿಯೂ ನೋಡಿ. ಚರ್ಮದ ಉತ್ತರ ಅಲುಗಾಡುವುದು ನಿಂತಾಗ ಆಳ ಸಾಕಾಯಿತು ಅಂತ.

ಮುಂಗೈ ಅಂದಿರಿ. ಅಲ್ಲಿ 50 ಮಿ.ಮೀ. ಇಳಿದರೆ ಆಚೆ ಬದಿಯ ಚರ್ಮದ ಹತ್ತಿರ ಬಂದಿರುತ್ತೀರಿ! ಹಾಗಾಗಿ ಚಪ್ಪಟೆ ಪದರ ತೊಡೆ, ಹೊಟ್ಟೆಗೆ ಸರಿ. ಕೈಗೆ ಸಿಲಿಂಡರ್ ತೆಗೆದುಕೊಂಡು ನಡುಮಧ್ಯದಲ್ಲಿ ಇಳಿಜಾರು ಸೊನ್ನೆ ಹಾಕಿ. ಪೆನ್ನೆಸ್ 1948ರಲ್ಲಿ ಮಾಡಿದ್ದೂ ಮುಂಗೈಯನ್ನು ಸಿಲಿಂಡರ್ ಅಂತ ಹಿಡಿದೇ. ಅದಕ್ಕೆ 3ಡಿ ಬೇಕಾಗಿಲ್ಲ, ತ್ರಿಜ್ಯ ಒಂದೇ ಸಾಕು.

ಒಂದು ಮಿತಿ ಮಾತ್ರ ಇದೆ. ಅಪಧಮನಿಯ ರಕ್ತ ಮುಂಗೈಗೆ 37ರಲ್ಲೇ ಬರುತ್ತದೆ ಅಂತಿಲ್ಲ. ಪಕ್ಕದಲ್ಲೇ ಹಿಂತಿರುಗುವ ತಣ್ಣನೆಯ ರಕ್ತಕ್ಕೆ ದಾರಿಯಲ್ಲೇ ಶಾಖ ಬಿಟ್ಟುಕೊಡುತ್ತದೆ. ಪೆನ್ನೆಸ್ ಸಮೀಕರಣಕ್ಕೆ ಇದು ಕಾಣುವುದಿಲ್ಲ. ಎಲ್ಲ ಸರಿಮಾಡಿದ ಮೇಲೂ ಮಾಡೆಲ್ ಬೆಚ್ಚಗೇ ಇದ್ದರೆ, ಆಗ ಸಮೀಕರಣದಲ್ಲಿ ರಕ್ತಕ್ಕೆ ಕೊಟ್ಟ 37ನ್ನು ಅರ್ಧ ಡಿಗ್ರಿ, ಒಂದು ಡಿಗ್ರಿ ಇಳಿಸಿ ನೋಡಿ.