ತೆರಿಗೆ ಇಳಿದರೆ ಕರೆನ್ಸಿ ಏರುವುದೇಕೆ?

ಪ್ರಶ್ನೆ: ಸರ್ಕಾರ ಸಾಲ ಮಾಡಿ ಖರ್ಚು ಹೆಚ್ಚಿಸಿದರೆ ಅಥವಾ ತೆರಿಗೆ ಇಳಿಸಿದರೆ ಕರೆನ್ಸಿ ಬೀಳಬೇಕಲ್ಲವೇ? ಹೊರದೇಶಗಳೊಂದಿಗೆ ವ್ಯಾಪಾರ, ಬಂಡವಾಳದ ವಹಿವಾಟಿರುವ ಆರ್ಥಿಕತೆಯನ್ನು ವಿವರಿಸುವ ಮುಂಡೆಲ್-ಫ್ಲೆಮಿಂಗ್ ಮಾದರಿ ಉಲ್ಟಾ ಹೇಳುವುದೇಕೆ?

ಉತ್ತರ: ನಡುವಿನ ಕೊಂಡಿ ಬಡ್ಡಿದರ. ಬೇಡಿಕೆ ಹೆಚ್ಚಿದಾಗ ಕೇಂದ್ರ ಬ್ಯಾಂಕ್ ಹಣದ ಪ್ರಮಾಣವನ್ನು ಬದಲಿಸದಿದ್ದರೆ ಬಡ್ಡಿ ಮೇಲೇಳುತ್ತದೆ. ಆ ಬಡ್ಡಿಯ ಆಸೆಗೆ ಬರುವ ವಿದೇಶಿ ಹೂಡಿಕೆದಾರರು ಮೊದಲು ಆ ದೇಶದ ಕರೆನ್ಸಿಯನ್ನೇ ಕೊಳ್ಳಬೇಕು. ಅದು ದುಬಾರಿಯಾದಂತೆ ರಫ್ತು ಕುಗ್ಗಿ, ಆಮದು ಹಿಗ್ಗುತ್ತದೆ. ಬಂಡವಾಳದ ಓಡಾಟಕ್ಕೆ ಅಡ್ಡಿಯೇ ಇಲ್ಲದಿದ್ದರೆ, ಸರ್ಕಾರ ಹುಟ್ಟಿಸಿದ ಬೇಡಿಕೆಯನ್ನು ಈ ನಷ್ಟ ಪೂರ್ತಿ ನುಂಗಿಬಿಡುತ್ತದೆ.

ಅಮೆರಿಕದಲ್ಲಿ ಅಧ್ಯಕ್ಷ ರೇಗನ್ ಅವರ 1981ರ ತೆರಿಗೆ ಕಡಿತದ ನಂತರ, ಅಲ್ಲಿನ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್‌ನ ಬಿಗಿ ನೀತಿಯೂ ಸೇರಿ, ಡಾಲರ್ 1985ರ ಆರಂಭದವರೆಗೆ ಏರಿತು. ವ್ಯಾಪಾರ ಕೊರತೆಯೂ ಹಿಗ್ಗಿತು.

ಆದರೆ ಈ ಸರಳ ಮಾದರಿ ಸರ್ಕಾರದ ಮೇಲಿನ ನಂಬಿಕೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ ಸಾಲ ನೆಚ್ಚಿ ತೆರಿಗೆ ಕಡಿತ ಘೋಷಿಸಿದಾಗ ಬಾಂಡ್ ಬಡ್ಡಿ ಜಿಗಿದರೂ ಪೌಂಡ್ ಕುಸಿಯಿತು. ಹೂಡಿಕೆದಾರರು ಹೆದರಿದ್ದಾರೆ ಎಂಬುದಕ್ಕೆ ಈ ಜೋಡಿಯೇ ಗುರುತು.