ಬೆಳಕಿಗೂ ಲೆಕ್ಕ ಬರೆದಿಡಿ: ಹಳೆಯ ರೇಷ್ಮೆ ಸೀರೆಯ ಪ್ರದರ್ಶನ

ಪ್ರಶ್ನೆ: ನಮ್ಮ ಟ್ರಸ್ಟಿನ ಸಣ್ಣ ವಸ್ತುಸಂಗ್ರಹಾಲಯದಲ್ಲಿ ನೂರು ವರ್ಷಕ್ಕೂ ಹಳೆಯದಾದ ನೇರಳೆ ರೇಷ್ಮೆ ಸೀರೆಯೊಂದಿದೆ, ಜರಿ ಸೆರಗಿನದು. ಉತ್ತರದ ಕಿಟಕಿಯ ಹತ್ತಿರ ಗಾಜಿನ ಪೆಟ್ಟಿಗೆಯಲ್ಲಿಟ್ಟು ಎರಡು ವರ್ಷವಾಯಿತು. ಮೊನ್ನೆ ಮಡಿಕೆ ಬಿಚ್ಚಿದರೆ ಒಳಗೆ ನೇರಳೆ, ಹೊರಗೆ ಬೂದು. ಬಿಸಿಲು ನೇರವಾಗಿ ಬೀಳುತ್ತಿರಲಿಲ್ಲ, ದೀಪವೂ ಎಲ್‌ಇಡಿಯೇ. ಇನ್ನು ಹೇಗಿಡಬೇಕು? ಮಳೆಗಾಲಕ್ಕೆ ಏಸಿ ಹಾಕಿಸಬೇಕೆ?
– ಶಿಡ್ಲಘಟ್ಟದ ಓದುಗರು

ಉತ್ತರ: ಮೊದಲು ಕಹಿ ಮಾತನ್ನೇ ಹೇಳಿಬಿಡುತ್ತೇನೆ. ಹೋದ ಬಣ್ಣ ಮರಳಿ ಬರುವುದಿಲ್ಲ. ಯಾರಾದರೂ ಮತ್ತೆ ಬಣ್ಣ ಹಾಕಿಕೊಡುತ್ತೇವೆ ಎಂದರೆ ದಯವಿಟ್ಟು ಒಪ್ಪಬೇಡಿ. ಅಷ್ಟು ಹಳೆಯ ರೇಷ್ಮೆ ಬಣ್ಣದ ಬಾನಿಯ ಬಿಸಿನೀರನ್ನು ತಡೆಯುವುದಿಲ್ಲ. ಉಳಿದಿರುವ ನೇರಳೆಯನ್ನು ಉಳಿಸಿಕೊಳ್ಳುವುದಷ್ಟೇ ಈಗ ನಮ್ಮ ಕೈಲಿರುವುದು.

ನೇರ ಬಿಸಿಲು ಮಾತ್ರ ಬಣ್ಣ ತಿನ್ನುತ್ತದೆ ಎಂಬ ನಂಬಿಕೆ ಇದೆ. ಆದರೆ ಬಟ್ಟೆಗೆ ಮುಖ್ಯವಾಗುವುದು ಒಟ್ಟು ಎಷ್ಟು ಬೆಳಕು ಬಿತ್ತು ಎಂಬುದು. ಬೆಳಕಿನ ತೀವ್ರತೆಯನ್ನು ಅಳೆಯುವುದು ಲಕ್ಸ್‌ನಲ್ಲಿ. 50 ಲಕ್ಸ್ ಬೆಳಕು ಹತ್ತು ಗಂಟೆ ಬಿದ್ದರೂ, 500 ಲಕ್ಸ್ ಒಂದು ಗಂಟೆ ಬಿದ್ದರೂ ಹಾನಿ ಹೆಚ್ಚುಕಡಿಮೆ ಒಂದೇ. ತೀವ್ರತೆಯನ್ನು ಗಂಟೆಗಳಿಂದ ಗುಣಿಸಿದರೆ ಬರುವುದೇ ಲಕ್ಸ್-ಗಂಟೆ. ಬೆಳಕಿಗೆ ಅತಿ ಬೇಗ ಸೋಲುವ ವಸ್ತುಗಳಿಗೆ ವರ್ಷಕ್ಕೆ 15,000 ಲಕ್ಸ್-ಗಂಟೆ ಮೀರಬಾರದು ಎಂಬುದು ಅಂತರರಾಷ್ಟ್ರೀಯ ದೀಪನ ಆಯೋಗ 2004ರಲ್ಲಿ ಕೊಟ್ಟ ಮಿತಿ. ಒಂದೊಂದು ಸಲಕ್ಕೆ 50 ಲಕ್ಸ್‌ಗಿಂತ ಹೆಚ್ಚು ಬೇಡ ಎಂಬುದೂ ಅದರ ಜೊತೆಗೇ ಇದೆ.

ನಿಮ್ಮ ಕಿಟಕಿಯನ್ನು ಈ ಲೆಕ್ಕಕ್ಕೆ ಹಿಡಿಯೋಣ. ನೆರಳಿನ ಕಿಟಕಿಯ ಪಕ್ಕದಲ್ಲೂ ಹಗಲು ಸರಾಸರಿ 800 ಲಕ್ಸ್ ಇರುವುದು ಅಸಹಜವಲ್ಲ. ದಿನಕ್ಕೆ ಹತ್ತು ಗಂಟೆ ಎಂದರೆ 8,000 ಲಕ್ಸ್-ಗಂಟೆ. ಇಡೀ ವರ್ಷಕ್ಕೆ ಸಲ್ಲಬೇಕಾದ ಬೆಳಕಿನ ಅರ್ಧಕ್ಕಿಂತ ಹೆಚ್ಚನ್ನು ಸೀರೆ ಒಂದೇ ದಿನದಲ್ಲಿ ಕುಡಿದಿದೆ! ಬಾಗಿಲು ಹಾಕಿದ ಸೋಮವಾರವೂ, ಹಬ್ಬದ ರಜೆಯಲ್ಲೂ ಕಿಟಕಿ ತನ್ನ ಕೆಲಸ ನಿಲ್ಲಿಸುವುದಿಲ್ಲ. ಅತಿ ದುರ್ಬಲ ಬಣ್ಣಗಳಲ್ಲಿ ಸುಮಾರು 3 ಲಕ್ಷ ಲಕ್ಸ್-ಗಂಟೆಗೆ ಕಣ್ಣಿಗೆ ಕಾಣುವ ಮೊದಲ ಮಂಕು ಬರುತ್ತದೆ. ಆಯೋಗದ ಮಿತಿಯಲ್ಲಿಟ್ಟಿದ್ದರೆ ಅದಕ್ಕೆ ಇಪ್ಪತ್ತು ವರ್ಷ ಹಿಡಿಯುತ್ತಿತ್ತು. ಈ ಕಿಟಕಿಯ ಬಳಿ ಒಂದೂವರೆ ತಿಂಗಳೂ ಬೇಕಾಗಿಲ್ಲ. ಮೇಲಾಗಿ ಹಗಲು ಬೆಳಕಿನ ಅತಿನೇರಳೆ ಕಿರಣಗಳು ರೇಷ್ಮೆಯ ಎಳೆಯನ್ನೇ ಹಳದಿಗಟ್ಟಿಸಿ ಪುಡಿಪುಡಿ ಮಾಡುತ್ತವೆ. ನಿಮ್ಮ ಎಲ್‌ಇಡಿ ಇಲ್ಲಿ ನಿರಪರಾಧಿ ಎಂದೇ ನನಗನಿಸುತ್ತದೆ. ಅದರಲ್ಲಿ ಅತಿನೇರಳೆ ಅತ್ಯಲ್ಪ. ಆದರೆ ಕಣ್ಣಿಗೆ ಕಾಣುವ ಬೆಳಕೂ ಬಣ್ಣ ಕಳೆಯುತ್ತದೆ, ಆದ್ದರಿಂದ ಎಲ್‌ಇಡಿ ಎಂದ ಮಾತ್ರಕ್ಕೆ ನಿಶ್ಚಿಂತೆ ಇಲ್ಲ.

ಆ ಕಾಲದ ನೇರಳೆ ಎಂದಾಗಲೇ ನನಗೆ ಅನುಮಾನ ಬಂತು. 1856ರ ನಂತರ ಬಂದ ಮೊದಲ ತಲೆಮಾರಿನ ರಾಸಾಯನಿಕ ನೇರಳೆ, ಗುಲಾಬಿ ಬಣ್ಣಗಳಲ್ಲಿ ಹಲವು ಬೆಳಕಿನ ಎದುರು ನಿಲ್ಲುವುದೇ ಇಲ್ಲ. ಅರಿಶಿನದ ಹಳದಿಯೂ ಹಾಗೆಯೇ. ಹಳೆಯ ಬಟ್ಟೆಯ ಹಸಿರು ಅಂಚು ನೀಲಿಗೆ ತಿರುಗಿದ್ದರೆ, ನೀಲಿಯ ಮೇಲೆ ಹಾಕಿದ್ದ ಹಳದಿ ಹಾರಿಹೋಗಿದೆ ಎಂದು ತಿಳಿಯಬಹುದು. ಬಣ್ಣ ಯಾವುದೆಂದು ಕಣ್ಣಳತೆಯಲ್ಲಿ ಹೇಳಲಾಗದು. ಹಾಗಾಗಿ ಅತಿ ದುರ್ಬಲ ಬಣ್ಣವೆಂದೇ ಭಾವಿಸಿ ನಡೆದುಕೊಳ್ಳುವುದು ಕ್ಷೇಮ.

ಈಗ ಮಾಡಬೇಕಾದ ಕೆಲಸ. ಕಿಟಕಿಗೆ ಒಳಗಿನಿಂದ ಹಲಗೆ ಹೊಡೆಸಿ, ಇಲ್ಲವೇ ಬೆಳಕು ತೂರದ ದಪ್ಪ ಪರದೆಯನ್ನು ಅಂಚಿನಲ್ಲಿ ಸಂದಿಯಿಲ್ಲದಂತೆ ಕಟ್ಟಿಸಿ. ಪೆಟ್ಟಿಗೆಯ ದೀಪಗಳು ಗಾಜಿನ ಹೊರಗಿರಲಿ, ಬೆಚ್ಚನೆಯ ಬಣ್ಣದ 3000 ಕೆ ಎಲ್‌ಇಡಿ ಇರಲಿ. ಲಕ್ಸ್ ಮೀಟರನ್ನು ಸೀರೆಯ ಮೇಲ್ಮೈಗೆ ಸಮವಾಗಿ, ಅತಿ ಹೆಚ್ಚು ಬೆಳಕು ಬೀಳುವ ಜಾಗದಲ್ಲಿ ಹಿಡಿದು 50ಕ್ಕೆ ಇಳಿಸಿ. ಮೊಬೈಲಿನ ಆ್ಯಪ್‌ಗಳು ಈ ಮಂದ ಬೆಳಕಿನಲ್ಲಿ ಬಹಳ ತಪ್ಪು ತೋರಿಸುತ್ತವೆ, ಬೇರೆ ಮೀಟರೇ ಬೇಕು. 50 ಲಕ್ಸ್ ಕತ್ತಲೆ ಎಂದು ನೋಡುಗರು ದೂರುವುದು ಹೊರಗಿನ ಬಿಸಿಲಿನಿಂದ ನೇರವಾಗಿ ಒಳಬಂದಾಗ. ಮೊದಲ ಕೋಣೆಯ ಬೆಳಕನ್ನು ತಗ್ಗಿಸಿ, ಪೆಟ್ಟಿಗೆಯ ಹಿಂದಿನ ಗೋಡೆಗೆ ಗಾಢ ಬಣ್ಣ ಬಳಿಸಿದರೆ ಕಣ್ಣು ಹೊಂದಿಕೊಂಡು ಅದೇ ಬೆಳಕು ಸಾಕೆನಿಸುತ್ತದೆ.

ಇನ್ನು ಸರದಿ. ಬೆಳಗ್ಗೆ ಹತ್ತರಿಂದ ಸಂಜೆ ಐದೂವರೆಯವರೆಗೆ ದೀಪ ಉರಿದರೆ ದಿನಕ್ಕೆ 375 ಲಕ್ಸ್-ಗಂಟೆ. ನಲವತ್ತು ದಿನಕ್ಕೆ ವರ್ಷದ ಪಾಲು ಮುಗಿಯಿತು. ಸಣ್ಣ ಸಂಗ್ರಹಾಲಯಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇದೆ. ನೋಡುಗರು ಎದುರು ನಿಂತಾಗ ಮಾತ್ರ ಹತ್ತಿಕೊಳ್ಳುವ ಸೆನ್ಸರ್ ದೀಪ ಹಾಕಿಸಿ. ಅದು ದಿನಕ್ಕೆ ಒಟ್ಟು ಎರಡು ಗಂಟೆ ಉರಿಯಿತು ಎಂದರೆ 100. ಕೋಣೆಯಲ್ಲಿ ಉಳಿದ ಮಂದ ಬೆಳಕು 10 ಲಕ್ಸ್ ಇದ್ದರೆ ಏಳೂವರೆ ಗಂಟೆಗೆ 75. ಒಟ್ಟು 175. ಈ ಲೆಕ್ಕದಲ್ಲಿ 85 ದಿನ, ಅಂದರೆ ವಾರದ ರಜೆ ಕಳೆದು ಮೂರು ತಿಂಗಳಿಗೆ ಧಾರಾಳ. ನಾಲ್ಕು ಬಟ್ಟೆಗಳಿದ್ದರೆ ಒಂದೊಂದಕ್ಕೆ ವರ್ಷದಲ್ಲಿ ಮೂರು ತಿಂಗಳು, ಉಳಿದ ಒಂಬತ್ತು ತಿಂಗಳು ಕತ್ತಲಲ್ಲಿ ವಿಶ್ರಾಂತಿ. ಆದರೆ ಈ ಸೀರೆ ಈಗಾಗಲೇ ಹಲವು ತಲೆಮಾರುಗಳ ಪಾಲನ್ನು ಖರ್ಚುಮಾಡಿದೆ. ನಾನಾಗಿದ್ದರೆ ಅದನ್ನು ಸರದಿಗೇ ಸೇರಿಸದೆ, ಅದೇ ಅಳತೆಯ ಒಳ್ಳೆಯ ಛಾಯಾಚಿತ್ರವನ್ನು ಪೆಟ್ಟಿಗೆಯಲ್ಲಿಟ್ಟು, ಮೂಲವನ್ನು ಐದು ವರ್ಷಕ್ಕೊಮ್ಮೆ ಕೆಲವೇ ವಾರ ಹೊರತೆಗೆಯುತ್ತಿದ್ದೆ.

ಏಸಿ ವಿಷಯ. ಹಗಲು ಹಾಕಿ ರಾತ್ರಿ ಆರಿಸುವ ಏಸಿ, ಏಸಿ ಇಲ್ಲದಿರುವುದಕ್ಕಿಂತ ಕೆಟ್ಟದ್ದು. ತೇವ ಏರಿದಾಗ ರೇಷ್ಮೆ ಹಿಗ್ಗುತ್ತದೆ, ಇಳಿದಾಗ ಕುಗ್ಗುತ್ತದೆ. ಅದರೊಡನೆ ಹೆಣೆದ ಜರಿಯ ಲೋಹ ಹಾಗೆ ಕದಲದು. ದಿನಾ ನಡೆಯುವ ಈ ಎಳೆದಾಟದಲ್ಲಿ ಸೋಲುವುದು ರೇಷ್ಮೆ. ನಮ್ಮ ಬಯಲುಸೀಮೆಯಲ್ಲಿ ಮಾರ್ಚ್ ಮಧ್ಯಾಹ್ನದ ಒಣಹವೆಗೂ ಮಳೆಗಾಲದ ಬೆಳಗಿನ ತೇವಕ್ಕೂ ಅಜಗಜಾಂತರ. 45ರಿಂದ 55 ಪ್ರತಿಶತ ತೇವಾಂಶ ಒಳ್ಳೆಯದು, ನಿಧಾನವಾಗಿ 40–60ರ ನಡುವೆ ಓಡಾಡಿದರೂ ಸಹಿಸಿಕೊಳ್ಳಬಹುದು. 65 ದಾಟಿ ದಿನಗಟ್ಟಲೆ ನಿಂತರೆ ಬೂಷ್ಟು ಬರುತ್ತದೆ.

ಕೋಣೆಯನ್ನು ಬಿಟ್ಟು ಪೆಟ್ಟಿಗೆಯನ್ನು ಮಾತ್ರ ಕಾಯಿರಿ. ಸಂದಿಗಳನ್ನು ಮುಚ್ಚಿ, ಬಟ್ಟೆಯ ಹಲಗೆಯ ಕೆಳಗೆ ಸಿಲಿಕಾ ಜೆಲ್ ತಟ್ಟೆಗೆ ಜಾಗ ಮಾಡಿ. ಒಂದು ಘನ ಮೀಟರಿಗೆ 20 ಕಿಲೋ ಎಂಬುದು ವಾಡಿಕೆಯ ಲೆಕ್ಕ. ಒಂದೂವರೆ ಮೀಟರ್ ಉದ್ದ, 60 ಸೆಂಮೀ ಅಗಲ, 30 ಸೆಂಮೀ ಎತ್ತರದ ಪೆಟ್ಟಿಗೆಗೆ ಸುಮಾರು ಐದೂವರೆ ಕಿಲೋ. ಇಲ್ಲಿ ಹೆಚ್ಚಿನವರು ಎಡವುತ್ತಾರೆ. ಅಂಗಡಿಯಿಂದ ತಂದ ಒಣ ಜೆಲ್ಲನ್ನು ಹಾಗೇ ಇಟ್ಟರೆ ಅದು ರೇಷ್ಮೆಯ ತೇವವನ್ನೂ ಹೀರಿ ಎಳೆಯನ್ನು ಪೆಡಸು ಮಾಡುತ್ತದೆ. ತೇವಾಂಶ ಮಾಪಕ 50ರ ಆಸುಪಾಸು ತೋರಿಸುವ ವಾರಗಳಲ್ಲಿ ಜೆಲ್ಲನ್ನು ತೆಳ್ಳಗೆ ಹರಡಿ ಎರಡು ವಾರ ಬಿಟ್ಟು, ಆಮೇಲೆ ಒಳಗಿಡಿ. ಆಗ ಅದು ಹೆಚ್ಚಿದ ತೇವವನ್ನು ಹೀರುತ್ತದೆ, ಕಡಿಮೆಯಾದಾಗ ಮರಳಿ ಕೊಡುತ್ತದೆ.

ಮಾಪಕವನ್ನು ನಂಬುವ ಮೊದಲು ಪರೀಕ್ಷಿಸಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪನ್ನು ನೀರಿನಲ್ಲಿ ಮುದ್ದೆಯಾಗುವಷ್ಟು ನೆನೆಸಿ, ಮಾಪಕದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಇಡಿ. ಬೆಳಗ್ಗೆ 75 ತೋರಿಸಬೇಕು. 80 ತೋರಿಸಿದರೆ ಮುಂದೆ ಪ್ರತಿ ಓದಿನಲ್ಲೂ ಐದು ಕಳೆಯಿರಿ.

ವಿಶ್ರಾಂತಿಯ ಕಾಲದಲ್ಲಿ ಸೀರೆಯನ್ನು ಮಡಿಸಬೇಡಿ, ಮಡಿಕೆಯ ಗೆರೆಯಲ್ಲೇ ಜರಿ ಮುರಿಯುವುದು. ಗಂಜಿ ತೆಗೆದು ತೊಳೆದ ಬಿಳಿ ಮಲ್ಮಲ್ ಸುತ್ತಿದ ದಪ್ಪ ಕೊಳವೆಗೆ, ಜರಿಯ ಮುಖ ಹೊರಗೆ ಬರುವಂತೆ ಸುತ್ತಿ. ಕೊಳವೆಗೊಂದು ಚೀಟಿ ಕಟ್ಟಿ, ಸೀರೆ ಹೊರಗಿದ್ದ ದಿನಗಳು, ಅಳೆದ ಲಕ್ಸ್, ದೀಪ ಉರಿದ ಗಂಟೆಗಳನ್ನು ಬರೆಯಿರಿ. ಕಳೆದ ಎರಡು ವರ್ಷದ ಅಂದಾಜನ್ನೂ ಮೊದಲ ಸಾಲಿನಲ್ಲಿ ಸೇರಿಸಿ.